‘ಡಿಯರ್’ ಬ್ಯಾಡ್ರಿ, ಹೆಸರು ಕರೀರಿ: ಆಫೀಸಿನ ಅತಿ ಸಲಿಗೆಯ ಮಾತಿಗೆ ಗೆರೆ ಎಳೆಯುವುದು ಹೇಗೆ

ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂಡುತ್ತೇನೆ. ಹನ್ನೆರಡು ವರ್ಷ ಆಯಿತು. ದಿನಕ್ಕೆ ನನ್ನನ್ನು ಎಷ್ಟು ಹೆಸರಿನಿಂದ ಕರೆಯುತ್ತಾರೆ ಅಂತ ಒಮ್ಮೆ ಲೆಕ್ಕ ಇಟ್ಟಿದ್ದೆ. ಆಳಂದದ ಕಡೆಯಿಂದ ಬಂದ ಅಜ್ಜಿ ‘ಯವ್ವಾ’ ಅಂದಳು. ಜೇವರ್ಗಿಯ ರೈತ ‘ಯಕ್ಕಾ’ ಅಂದ. ದರ್ಗಾದ ಕಡೆಯಿಂದ ಬಂದ ಹುಡುಗ ‘ಆಪಾ’ ಅಂದ. ಗಡಿ ಕಡೆಯ ಒಬ್ಬ ಹೆಂಗಸು ‘ಮಾವಶಿ’ ಅಂದಳು. ಔಷಧಿ ಅಂಗಡಿಯ ಹುಡುಗ ‘ಆಂಟಿ’ ಅಂದ. ನಮ್ಮ ಹೊಸ ಸೆಕ್ಷನ್ ಮುಖ್ಯಸ್ಥರು ‘ಡಿಯರ್’ ಅಂದರು.

ಮೊದಲ ನಾಲ್ಕು ಮಾತಿಗೆ ನನಗೆ ಏನೂ ಅನಿಸಲಿಲ್ಲ. ಕೊನೆಯ ಎರಡಕ್ಕೆ ಮೈ ಉರಿಯಿತು. ಯಾಕೆ ಹಾಗೆ? ಎಲ್ಲವೂ ಸಲಿಗೆಯ ಮಾತೇ ಅಲ್ವಾ? ಇದನ್ನು ನನಗೆ ನಾನೇ ಬಿಡಿಸಿ ಹೇಳಿಕೊಳ್ಳುವ ತನಕ ಇನ್ನೊಬ್ಬರಿಗೆ ಸರಿಯಾಗಿ ಹೇಳಲು ಬರಲಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಒಂದು ವಾರ ಸುಮ್ನೆ ಕೇಳಿಸಿಕೊಳ್ಳಿ

ನಮ್ಮ ಭಾಗದ ಮಾತಿನಲ್ಲಿ ಮರ್ಯಾದೆ ಇರುವುದು ಕರೆಯುವ ಹೆಸರಿನಲ್ಲಿ ಕಡಿಮೆ, ಕ್ರಿಯಾಪದದ ಕೊನೆಯಲ್ಲಿ ಜಾಸ್ತಿ. ‘ಯಕ್ಕಾ, ಬಿಲ್ ಕೊಡ್ರಿ’ ಅಂದರೆ ಆತ ನಿಮ್ಮನ್ನು ಮನೆಯವಳ ಹಾಗೆ ಕಂಡರೂ ದೂರ ಇಟ್ಟಿದ್ದಾನೆ. ‘ಮೇಡಂ, ಬಿಲ್ ಕೊಡು’ ಅಂದರೆ ಮೇಡಂ ಅನ್ನುವ ಮಾತಿಗೆ ಬೆಲೆ ಇಲ್ಲ. ಆ ‘ರಿ’ ಬಿದ್ದುಹೋದ ದಿನ ಯಾವುದು ಅಂತ ಗಮನಿಸಿ. ಅತಿ ಸಲಿಗೆ ಸಾಮಾನ್ಯವಾಗಿ ಅಲ್ಲಿಂದ ಶುರುವಾಗುತ್ತದೆ. ‘ಡಿಯರ್’ ಬರುವುದು ಆಮೇಲೆ. ಹಿಂದಿ ಅಥವಾ ದಖನಿ ಮಾತಾಡುವವರಲ್ಲೂ ಇದೇ ಲೆಕ್ಕ. ‘ಆಪಾ, ಆಪ್ ಬೋಲೋ’ ಅನ್ನುವುದಕ್ಕೂ ‘ತೂ ಬೋಲ್’ ಅನ್ನುವುದಕ್ಕೂ ಎಷ್ಟು ಅಂತರ ಇದೆ ಅಂತ ಇಲ್ಲಿನ ಯಾರಿಗೂ ಹೇಳಿಕೊಡಬೇಕಿಲ್ಲ.

ಒಂದು ವಿನಾಯಿತಿ ಇದೆ. ಹಳ್ಳಿಯಿಂದ ಬರುವ ಹಿರಿಯರು ಎಲ್ಲರಿಗೂ ‘ನೀ’ ಅನ್ನುತ್ತಾರೆ. ಡಾಕ್ಟರಿಗೂ ‘ನೀ ನೋಡು ಯಪ್ಪಾ’ ಅನ್ನುತ್ತಾರೆ. ಅದರಲ್ಲಿ ಅಗೌರವ ಇಲ್ಲ. ಅವರಿಗೆ ಗೆರೆ ಎಳೆಯಲು ಹೋಗಬೇಡಿ. ಅವರ ಮಾತು ನಿಮಗೊಬ್ಬರಿಗೆ ಒಂದು, ಬೇರೆಯವರಿಗೆ ಇನ್ನೊಂದು ಅಂತ ಇರುವುದಿಲ್ಲ.

ನೋಡಬೇಕಾದದ್ದು ಆ ವ್ಯತ್ಯಾಸವನ್ನೇ. ನಿಮ್ಮ ಹುದ್ದೆಯಲ್ಲೇ ಇರುವ ಗಂಡಸರನ್ನು ಆತ ಏನಂತ ಕರೆಯುತ್ತಾನೆ? ಪಕ್ಕದ ಕುರ್ಚಿಯವರು ‘ಪಾಟೀಲ್ರೇ’ ಆಗಿ, ನೀವು ಮಾತ್ರ ‘ಡಿಯರ್’ ಆದರೆ, ಅದು ಆತನ ಮಾತಿನ ರೂಢಿ ಅಲ್ಲ. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗ ಅಥವಾ ಆತನ ಹೆಂಡತಿ ಆಫೀಸಿಗೆ ಬಂದಾಗ ಆ ಮಾತು ಮಾಯವಾಗುತ್ತದಾ? ಮಾಯವಾದರೆ ಅದು ತಪ್ಪು ಅಂತ ಆತನಿಗೂ ಗೊತ್ತಿದೆ. ಈ ಎರಡಕ್ಕೆ ಉತ್ತರ ಸಿಕ್ಕರೆ ನಿಮ್ಮ ಅನುಮಾನ ಮುಕ್ಕಾಲು ಪಾಲು ತೀರುತ್ತದೆ. ‘ನಾನೇ ಜಾಸ್ತಿ ಯೋಚನೆ ಮಾಡ್ತಿದ್ದೀನಾ’ ಅನ್ನುವ ಕೊರೆತ ನಿಲ್ಲುತ್ತದೆ.

ಪತ್ರದ ಮೇಲೆ, ಮೇಲ್‌ನಲ್ಲಿ ‘ಡಿಯರ್ ಮೇಡಂ’ ಅಂತ ಬಂದರೆ ಅದು ಬೇರೆ. ಅದು ಪತ್ರ ಬರೆಯುವ ಹಳೆಯ ಪದ್ಧತಿ. ನಾವು ‘ಮಾನ್ಯರೇ’ ಅನ್ನುವ ಹಾಗೆ. ಬಾಯಿಂದ, ಬರೀ ‘ಡಿಯರ್’ ಅಂತ ಬಂದಾಗಲೇ ಸಮಸ್ಯೆ.

‘ಆಂಟಿ’ಯ ವಿಷಯವೇ ಬೇರೆ. ಅದನ್ನು ಅನ್ನುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸು ಇರುವುದಿಲ್ಲ. ಆದರೂ ‘ಅಕ್ಕ’ ಅಂದಾಗ ಇರದ ಚುಚ್ಚು ಅದರಲ್ಲಿದೆ. ನಮ್ಮಲ್ಲಿ ಅತ್ತಿ, ಕಾಕಿ, ಚಿಗವ್ವ, ದೊಡ್ಡವ್ವ ಅಂತ ಕರೆದರೆ ಒಂದು ಸಂಬಂಧ ಹುಟ್ಟುತ್ತದೆ, ಅದರ ಜೊತೆ ಒಂದು ಜವಾಬ್ದಾರಿಯೂ ಬರುತ್ತದೆ. ಅತ್ತಿಯನ್ನು ಅತ್ತಿ ಅಂದವನು ಆಕೆಯ ಎದುರು ಕಾಲ ಮೇಲೆ ಕಾಲು ಹಾಕಿ ಕೂಡುವುದಿಲ್ಲ. ‘ಆಂಟಿ’ಗೆ ಆ ಜವಾಬ್ದಾರಿ ಇಲ್ಲ. ವಯಸ್ಸು ಮಾತ್ರ ಇದೆ. ಮೇಲಾಗಿ ಮೊಬೈಲಿನ ಕೆಟ್ಟ ವೀಡಿಯೊಗಳು ಆ ಪದಕ್ಕೆ ಕೊಟ್ಟ ಬಣ್ಣ ಬೇರೆ. ಮೂವತ್ತೈದರ ಹೆಂಗಸು ಇಪ್ಪತ್ತೆಂಟರ ಸಹೋದ್ಯೋಗಿಯ ಬಾಯಲ್ಲಿ ಅದನ್ನು ಕೇಳಿ ಮುಖ ಸಣ್ಣ ಮಾಡಿಕೊಂಡರೆ ಅದಕ್ಕೆ ಕಾರಣ ಇದೆ.

ಒಂದು ಮಾತು ಕಿತ್ತುಕೊಂಡರೆ ಇನ್ನೊಂದು ಕೊಡಿ

ನನಗೆ ಇದು ತಡವಾಗಿ ಹೊಳೆಯಿತು. ಔಷಧಿ ಅಂಗಡಿಯ ಹುಡುಗನಿಗೆ ಮೊದಲ ಸಲ ನಾನು ‘ಆಂಟಿ ಅನಬ್ಯಾಡ’ ಅಂತ ಎಲ್ಲರ ಮುಂದೆ ಜೋರಾಗಿ ಹೇಳಿದೆ. ಆತ ಕೆಂಪಾದ. ಮರುದಿನದಿಂದ ನನ್ನನ್ನು ಏನೂ ಕರೆಯಲಿಲ್ಲ. ಕೌಂಟರಿಗೆ ಬಂದು ‘ಹಲೋ’ ಅಂತ ಮೇಜು ಬಡಿಯುತ್ತಿದ್ದ. ಅದು ಇನ್ನೂ ಕೆಟ್ಟದಾಗಿತ್ತು. ತಪ್ಪು ನನ್ನದೂ ಇತ್ತು. ಅವನ ಹತ್ತಿರ ಇದ್ದ ಒಂದೇ ಮಾತನ್ನು ತೆಗೆದುಕೊಂಡೆ, ಬದಲಿಗೆ ಏನೂ ಕೊಡಲಿಲ್ಲ. ನಮ್ಮೂರಲ್ಲಿ ಹೆಂಗಸರನ್ನು ಬರೀ ಹೆಸರಿಂದ ಕರೆಯಲು ಕಿರಿಯರಿಗೆ ನಾಲಿಗೆ ಹೊರಳುವುದಿಲ್ಲ. ಅವನು ಏನು ಕರೆಯಬೇಕಿತ್ತು?

ಆದ್ದರಿಂದ ಬಾಯಿ ಬಿಡುವ ಮೊದಲು ನಿಮ್ಮನ್ನು ಏನಂತ ಕರೆಯಬೇಕು ಅನ್ನುವುದನ್ನು ನೀವೇ ತೀರ್ಮಾನ ಮಾಡಿ. ಇಲ್ಲಿ ನನ್ನ ಹೆಸರು ಮಹಾದೇವಿ ಅಂತ ಇಟ್ಟುಕೊಳ್ಳಿ. ಕಿರಿಯರಿಗೆ ‘ಮಹಾದೇವಿ ಅಕ್ಕ’ ನಡೆಯುತ್ತದೆ. ಮೇಲಿನವರಿಗೆ ‘ಮಹಾದೇವಿ ಮೇಡಂ’ ಅಥವಾ ‘ಮಹಾದೇವಿಯವರೇ’. ಎರಡರಲ್ಲೂ ಹೆಸರು ಇರಲಿ. ಹೆಸರು ಇದ್ದ ಕಡೆ ಸಲಿಗೆ ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಬರೀ ‘ಅಕ್ಕ’ ಅಂದರೆ ಯಾವ ಅಕ್ಕನಾದರೂ ಆದೀತು. ‘ಮಹಾದೇವಿ ಅಕ್ಕ’ ಅಂದರೆ ಆ ಕೌಂಟರಿನಲ್ಲಿ ಕೆಲಸ ಮಾಡುವ ಒಬ್ಬಳೇ.

ಇಬ್ಬರಿಗೆ ಒಂದು, ಇನ್ನಿಬ್ಬರಿಗೆ ಮತ್ತೊಂದು ಅಂತ ಮಾಡಬೇಡಿ. ಆಪ್ತ ಗೆಳತಿ ‘ಮಾದೂ’ ಅಂತ ಕರೆದರೆ ಕರೆಯಲಿ, ಆದರೆ ಜನರ ಮುಂದೆ ಬೇಡ ಅಂತ ಆಕೆಗೂ ಹೇಳಿಡಿ. ಇಲ್ಲದಿದ್ದರೆ ‘ಅವರಂದ್ರ ನಡೀತದ, ನಾ ಅಂದ್ರ ಯಾಕ ಬ್ಯಾಡ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಕೌಂಟರಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಹೆಸರಿನ ಫಲಕ ಇಡಿಸಿಕೊಳ್ಳಿ. ಕೊರಳಿಗೆ ಹಾಕುವ ಐಡಿ ಕಾರ್ಡಿನ ಅಕ್ಷರ ಯಾರಿಗೂ ಕಾಣುವುದಿಲ್ಲ. ಫಲಕ ಬಂದ ಮೇಲೆ ಗ್ರಾಹಕರ ‘ಆಂಟಿ’ ನನ್ನ ಮಟ್ಟಿಗೆ ಅರ್ಧಕ್ಕಿಂತ ಕಡಿಮೆ ಆಯಿತು. ಅಂದವರಿಗೂ ನಾನು ಪಾಠ ಹೇಳುವುದಿಲ್ಲ. ಐದು ನಿಮಿಷ ಇದ್ದು ಹೋಗುವವರ ಜೊತೆ ಅಷ್ಟು ಶಕ್ತಿ ಯಾಕೆ ಕಳೆಯಬೇಕು?

ಹೇಳುವ ಹೊತ್ತು, ಹೇಳುವ ಮಾತು

ದಿನಾ ಮುಖ ನೋಡಬೇಕಾದವರಿಗೆ ಹೇಳಲೇಬೇಕು. ಮೊದಲ ಸಲ ಅಂದಾಗ ಬೇಡ. ಬಾಯಿ ತಪ್ಪಿ ಬಂದಿರಬಹುದು. ಎರಡನೆಯದೋ ಮೂರನೆಯದೋ ಸಲ ಹೇಳಿ. ಹದಿನೈದನೆಯ ಸಲಕ್ಕೆ ಬಿಡಬೇಡಿ. ಅಷ್ಟು ದಿನ ಸುಮ್ಮನಿದ್ದವರು ಒಮ್ಮೆಲೇ ಹೇಳಿದರೆ ‘ಇವತ್ತೇನಾತು ಇವರಿಗೆ’ ಅಂತ ಮಾತು ನಿಮ್ಮ ಮೇಲೆ ತಿರುಗುತ್ತದೆ. ತಡವಾಗಿದ್ದರೂ ಹೇಳಬಹುದು. ಆಗ ‘ಮೊದಲ ಹೇಳಬೇಕಿತ್ತು, ಹೇಳಿದ್ದಿಲ್ಲ, ಈಗ ಹೇಳ್ಲತ್ತೀನಿ’ ಅಂತ ಒಂದು ವಾಕ್ಯ ಸೇರಿಸಿದರೆ ಸಾಕು.

ಎಲ್ಲರ ಮುಂದೆ ಬೇಡ. ಮುಚ್ಚಿದ ಬಾಗಿಲ ಹಿಂದೆಯೂ ಬೇಡ. ಕಾರಿಡಾರಿನಲ್ಲಿ, ಮೇಜಿನ ಹತ್ತಿರ, ಫೈಲು ಕೊಡುವಾಗ ಹೇಳಿ. ಜನ ಇರಬೇಕು, ಆದರೆ ಕಿವಿಗೆ ಬೀಳಬಾರದು. ಕೈಯಲ್ಲಿ ಕೆಲಸ ಇದ್ದರೆ ಮಾತು ತಾನಾಗಿ ಚಿಕ್ಕದಾಗುತ್ತದೆ, ಮುಗಿದ ಮೇಲೆ ಕೆಲಸದ ಕಡೆ ಹೊರಳಲು ದಾರಿಯೂ ಸಿಗುತ್ತದೆ.

ಎರಡೇ ವಾಕ್ಯ. ಉದಾಹರಣೆಗೆ ಹೀಗೆ:

‘ಸರ್, ಒಂದ್ ಮಾತು. ನನಗ ಡಿಯರ್ ಅನಬ್ಯಾಡ್ರಿ, ಮಹಾದೇವಿ ಮೇಡಂ ಅನ್ರಿ. ಈ ಫೈಲಿಗಿ ಇನ್ನೊಂದ್ ಸಹಿ ಬೇಕಾಗ್ಯದ.’

ಕಿರಿಯರಿಗೆ:

‘ತಮ್ಮಾ, ನಂಗ ಮಹಾದೇವಿ ಅಕ್ಕ ಅನ್ನು. ಆಂಟಿ ಬ್ಯಾಡ.’

ಇಷ್ಟೇ. ಕಾರಣ ಹೇಳಬೇಡಿ. ನಾವು ತಪ್ಪುವುದು ಇಲ್ಲಿಯೇ. ಮಾತು ಒರಟಾಯಿತೇನೋ ಅಂತ ಮೆತ್ತಗೆ ಮಾಡಲು ಕಾರಣ ಜೋಡಿಸುತ್ತೇವೆ, ಆ ಕಾರಣವೇ ನಮ್ಮನ್ನು ಕಟ್ಟಿಹಾಕುತ್ತದೆ. ‘ನಾ ಏನ್ ಅಷ್ಟ್ ಮುದುಕಿ ಕಾಣ್ತೀನೇನು?’ ಅಂದರೆ ಮಾತು ನಿಮ್ಮ ವಯಸ್ಸಿನ ಮೇಲೆ ನಿಂತಿತು. ‘ಇಲ್ರಿ, ಭಾಳ ಚೆಂದ ಕಾಣ್ತೀರಿ’ ಅನ್ನುವ ಉತ್ತರಕ್ಕೆ ನೀವೇ ಬಾಗಿಲು ತೆಗೆದ ಹಾಗಾಯಿತು. ‘ನನ್ನ ಮದಿವಿ ಆಗ್ಯದ ಸರ್’ ಅಂದರೆ ಮದುವೆ ಆಗದವರಿಗೆ ಅನ್ನಬಹುದು ಅಂತ ಅರ್ಥ. ‘ನಮ್ಮನ್ಯಾಗ ಬೈತಾರ’ ಅಂದರೆ ನಿಮಗೆ ಬೇಡವಾಗಿಲ್ಲ, ಗಂಡನಿಗೆ ಬೇಡವಾಗಿದೆ ಅಂತ ಆತ ತಿಳಿಯುತ್ತಾನೆ. ಗಂಡ ಇಲ್ಲದ ಕಡೆ ಪರವಾಗಿಲ್ಲ ಅಂತಲೂ ತಿಳಿಯುತ್ತಾನೆ. ಬೇಡ ಅನ್ನುವುದು ನಿಮ್ಮ ಮಾತು. ಅದು ಯಾರ ಹೆಗಲ ಮೇಲೂ ಕೂಡುವುದು ಬೇಡ.

ನಗುವಿನ ಬಗ್ಗೆ ಒಂದು ಮಾತು. ಸಂಕೋಚ ಆದಾಗ ನಗುವುದು ನಮಗೆ ಚಿಕ್ಕಂದಿನಿಂದ ರೂಢಿ. ಬೇಡ ಅನ್ನುವಾಗಲೂ ನಕ್ಕುಬಿಡುತ್ತೇವೆ. ಕೇಳುವವರು ಮಾತನ್ನು ಬಿಟ್ಟು ನಗುವನ್ನು ಮಾತ್ರ ತೆಗೆದುಕೊಂಡು ಹೋಗುತ್ತಾರೆ. ಆ ಎರಡು ವಾಕ್ಯಕ್ಕೆ ಮಾತ್ರ ಮುಖ ಸಾದಾ ಇರಲಿ. ಸಿಟ್ಟು ಬೇಡ, ನಗುವೂ ಬೇಡ. ಆತ ‘ಆಯ್ತ್ರಿ’ ಅಂದ ಮೇಲೆ ಧಾರಾಳವಾಗಿ ನಗಿ. ಮನೆಯಲ್ಲಿ ಕನ್ನಡಿ ಮುಂದೆ ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿ ಹೋದರೆ ಸುಲಭ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಹೇಳಿಕೊಂಡಿದ್ದೆ.

ನನ್ನ ಪ್ರಕರಣ, ಮೊದಲಿನಿಂದ ಕೊನೆಯ ತನಕ

ಹೊಸ ಮುಖ್ಯಸ್ಥರು ಬಂದ ಮೊದಲ ಎರಡು ವಾರ ನಾನು ‘ಮೇಡಂ’ ಆಗಿದ್ದೆ. ಮೂರನೇ ವಾರ ‘ಬರ್ರಿ’ ಹೋಗಿ ‘ಬಾ’ ಬಂತು. ಅದರ ಬೆನ್ನಿಗೇ ‘ಡಿಯರ್, ಆ ರಿಪೋರ್ಟ್ ಕೊಡು’ ಅಂತ ಬಂತು. ನಾನು ನಕ್ಕೆ. ಮರುದಿನ ಮತ್ತೆ ಬಂತು. ಒಂದು ವಾರ ಡೈರಿಯ ಹಿಂದಿನ ಪುಟದಲ್ಲಿ ಗೀಟು ಹಾಕಿದೆ. ಹನ್ನೊಂದು ಗೀಟು ಆದವು. ಆ ವಾರ ಒಬ್ಬ ಗಂಡಸಿಗೂ ಅವರು ‘ಡಿಯರ್’ ಅನ್ನಲಿಲ್ಲ. ದೊಡ್ಡ ಡಾಕ್ಟರು ಇದ್ದಾಗ ನಾನು ಮತ್ತೆ ‘ಮೇಡಂ’ ಆಗುತ್ತಿದ್ದೆ. ಅಲ್ಲಿಗೆ ನನಗೆ ಖಾತ್ರಿ ಆಯಿತು.

ಸೋಮವಾರ ಬೆಳಿಗ್ಗೆ ಡಿಸ್ಚಾರ್ಜ್ ಪಟ್ಟಿ ಕೊಡುವಾಗ ಮೇಲಿನ ಎರಡು ವಾಕ್ಯ ಹೇಳಿದೆ. ಅವರು ತಕ್ಷಣ ‘ಮಜಾಕ್ ಮಾಡಿದ್ನಿ, ತಪ್ಪ ತಿಳ್ಕೋಬ್ಯಾಡ್ರಿ’ ಅಂದರು. ಈ ಉತ್ತರ ಹತ್ತರಲ್ಲಿ ಎಂಟು ಸಲ ಬರುತ್ತದೆ, ಹಾಗಾಗಿ ಮುಂದಿನ ಮಾತು ತಯಾರಿರಲಿ. ‘ಇಲ್ಲ ಇಲ್ಲ, ಹಂಗೇನಿಲ್ಲ ಸರ್’ ಅಂದರೆ ಹೇಳಿದ್ದೆಲ್ಲ ನೀರಾಗುತ್ತದೆ. ವಾದ ಮಾಡಿದರೆ ಮಜಾಕು ಹೌದೋ ಅಲ್ಲವೋ ಅಂತ ಚರ್ಚೆ ಬೆಳೆಯುತ್ತದೆ. ನಾನು ಅಂದೆ: ‘ತಪ್ಪ ತಿಳ್ಕೊಂಡಿಲ್ರಿ ಸರ್. ಹೆಸರ ಕರೀರಿ, ಅಷ್ಟ.’ ಪಟ್ಟಿಯ ಮೇಲೆ ಬೆರಳಿಟ್ಟು ಎರಡನೇ ರೋಗಿಯ ವಿಮೆಯ ವಿಷಯ ತೆಗೆದೆ.

ಆಮೇಲೆ ಎರಡು ದಿನ ಅವರು ನನ್ನ ಜೊತೆ ಮಾತೇ ಆಡಲಿಲ್ಲ. ಏನಾದರೂ ಬೇಕಾದರೆ ಪಕ್ಕದವರ ಕಡೆಯಿಂದ ಹೇಳಿ ಕಳಿಸಿದರು. ಈ ಎರಡು ದಿನ ಬಹಳ ಕಷ್ಟ. ‘ನೌಕರಿಗೆ ಏನಾದ್ರೂ ಆದೀತಾ’ ಅಂತ ರಾತ್ರಿ ನಿದ್ದೆ ಬರಲಿಲ್ಲ. ಚಹಾ ಒಯ್ದು ಕೊಟ್ಟು ರಾಜಿ ಆಗೋಣ ಅಂತ ಅನಿಸಿತು. ನಮ್ಮ ಹಿರಿಯ ನರ್ಸ್ ಒಬ್ಬರು ತಡೆದರು. ‘ಸುಮ್ಕ ಇರು. ಮುಖ ಉಳಿಸ್ಕೊಳ್ಲಿಕ್ಕ ಅವರಿಗಿ ಎರಡ್ ದಿನ ಬೇಕು’ ಅಂದರು. ಅದು ಖರೇ ಆಗಿತ್ತು. ಆ ದಿನಗಳಲ್ಲಿ ನಾನು ಮಾಡಿದ್ದು ಒಂದೇ. ಕೆಲಸದ ಮಾತನ್ನು ಎಂದಿನ ಹಾಗೆ, ‘ರಿ’ ಹಚ್ಚಿ, ನಾನಾಗಿಯೇ ಹೋಗಿ ಆಡಿದೆ. ಮುನಿಸು ಅವರ ಕಡೆ ಇರಲಿ, ನನ್ನ ಕಡೆಯಿಂದ ಕೆಲಸ ನಿಂತಿತು ಅಂತ ಆಗಬಾರದು.

ಗುರುವಾರ ‘ಮಹಾದೇವಿ ಮೇಡಂ’ ಅಂತ ಬಂತು. ಮುಂದಿನ ವಾರ ಎರಡು ಸಲ ‘ಡಿ...’ ಅಂತ ಶುರು ಮಾಡಿ ನುಂಗಿಕೊಂಡರು. ಇದು ಬಾಯಿ ತಪ್ಪಿದ್ದು. ತಾನೇ ನುಂಗಿಕೊಂಡರೆ ನೀವು ಕೇಳಿಸಿಕೊಳ್ಳದ ಹಾಗೆ ಇರಿ. ಪೂರ್ತಿ ಅಂದುಬಿಟ್ಟರೆ ವಾಕ್ಯ ಬೇಡ, ಹೆಸರಷ್ಟೇ ಸಾಕು: ‘ಮಹಾದೇವಿ, ಸರ್. ಹೇಳ್ರಿ.’ ರೂಢಿ ಬಿಡಿಸಲು ಎರಡು ಮೂರು ವಾರ ಹಿಡಿಯುತ್ತದೆ. ಸಲದಿಂದ ಸಲಕ್ಕೆ ಕಡಿಮೆ ಆಗುತ್ತಿದ್ದರೆ ಅದು ರೂಢಿ. ಕಡಿಮೆಯಾಗದೆ, ಹೇಳಿದ ಮೇಲೆ ದನಿ ಎಳೆದು ಬೇಕಂತಲೇ ‘ಡಿ...ಯರ್’ ಅನ್ನತೊಡಗಿದರೆ ಅದು ಹಟ.

ನನ್ನ ಪ್ರಕರಣದಲ್ಲಿ ಬಾಯಿಂದ ಹೋದದ್ದು ಮೊಬೈಲಿನಲ್ಲಿ ಬಂತು. ಬೆಳಿಗ್ಗೆ ಆರೂವರೆಗೆ ಗುಲಾಬಿ ಹೂವಿನ ಚಿತ್ರ, ಕೆಳಗೆ ‘ಗುಡ್ ಮಾರ್ನಿಂಗ್ ಡಿಯರ್’. ಗುಂಪಿನಲ್ಲಿ ಅಲ್ಲ, ನನಗೊಬ್ಬಳಿಗೇ. ಮೊದಲಿನ ಮಾತಿನ ಮೇಲೆ ಇದು ಬಂದದ್ದರಿಂದ ಬರೆದೇ ಉತ್ತರ ಕೊಟ್ಟೆ. ಆ ಸಂದೇಶವನ್ನೇ ಒತ್ತಿ ಹಿಡಿದು, ಅದಕ್ಕೇ ರಿಪ್ಲೈ ಆಗುವ ಹಾಗೆ ಬರೆದೆ. ಯಾವ ಮಾತಿಗೆ ಯಾವ ಉತ್ತರ ಅಂತ ಮುಂದೆ ಯಾರು ನೋಡಿದರೂ ಗೊತ್ತಾಗಬೇಕು.

‘ಸರ್, ನಮಸ್ಕಾರ. ನನ್ನನ್ನು ಡಿಯರ್ ಎಂದು ಕರೆಯಬೇಡಿ ಎಂದು ಸೋಮವಾರ 9ನೇ ತಾರೀಖು ಹೇಳಿದ್ದೆ. ಮೆಸೇಜಿನಲ್ಲಿಯೂ ಬೇಡ. ಕೆಲಸದ ವಿಷಯ ಇದ್ದರೆ ಡ್ಯೂಟಿ ಸಮಯದಲ್ಲಿ ಕಳಿಸಿರಿ. ಮಹಾದೇವಿ, ಬಿಲ್ಲಿಂಗ್.’

ತಾರೀಖು ಹಾಕಿದ್ದು ಬೇಕಂತಲೇ. ಕೆಳಗೆ ವಿಭಾಗದ ಹೆಸರು ಹಾಕಿದ್ದೂ ಬೇಕಂತಲೇ. ಅದು ಬಂದದ್ದು ಗೆಳತಿಯ ಮೊಬೈಲಿಗಲ್ಲ, ಬಿಲ್ಲಿಂಗಿನ ನೌಕರಳ ಮೊಬೈಲಿಗೆ ಅಂತ ಅದು ನೆನಪಿಸುತ್ತದೆ. ನಗುವ ಮುಖ, ಕೈ ಮುಗಿಯುವ ಚಿತ್ರ ಯಾವುದನ್ನೂ ಹಾಕಲಿಲ್ಲ. ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದು ನನ್ನ ಅಕ್ಕನ ಮೊಬೈಲಿಗೆ ಕಳಿಸಿ ಇಟ್ಟೆ. ಸಂದೇಶ ಅಳಿಸಿ ಹೋಗಬಹುದು, ನನ್ನ ಮೊಬೈಲು ಕೆಡಬಹುದು. ಆಮೇಲೆ ಹೂವು ಬರಲಿಲ್ಲ.

ನಿಲ್ಲದಿದ್ದರೆ

ನಿಲ್ಲದಿದ್ದರೆ ಏನು ಮಾಡುತ್ತಿದ್ದೆ ಅನ್ನುವುದನ್ನು ಆ ದಿನಗಳಲ್ಲಿ ಕೇಳಿ ತಿಳಿದುಕೊಂಡಿದ್ದೆ. 2013ರ ಕಾಯ್ದೆ ಒಂದಿದೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯಲು ಬಂದದ್ದು. ಪೋಶ್ ಕಾಯ್ದೆ ಅಂತ ಜನ ಕರೆಯುತ್ತಾರೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಹೆಂಗಸೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು ಇರಬೇಕು, ಹೊರಗಿನವರೊಬ್ಬರೂ ಇರಬೇಕು. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿ ತನಕ ದಂಡ ಇದೆ. ದಾಲ್ ಮಿಲ್ಲು, ಗಂಜಿನ ಅಡತಿ ಅಂಗಡಿ, ಸಣ್ಣ ಕ್ಲಿನಿಕ್ಕು, ಹೀಗೆ ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಾಲೀಕನ ಮೇಲೆಯೇ ದೂರು ಇದ್ದರೂ ಅಲ್ಲಿಗೇ ಹೋಗಬೇಕು. ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಇರಬೇಕು. ಕಲಬುರಗಿ, ಬೀದರ್, ಯಾದಗಿರಿ ಮೂರಕ್ಕೂ ಇದು ಅನ್ವಯ.

ಆದರೆ ಕಾಯ್ದೆಗೆ ಎಲ್ಲವೂ ಸೇರುವುದಿಲ್ಲ. ಬರೀ ‘ಆಂಟಿ’ ಅಂದದ್ದು ಲೈಂಗಿಕ ಕಿರುಕುಳ ಆಗುವುದಿಲ್ಲ. ಅದಕ್ಕೆ ನೀವು, ನಿಮ್ಮ ಮೇಲಿನವರು, ಹೆಚ್ಚೆಂದರೆ ಎಚ್‌ಆರ್, ಅಷ್ಟೇ ದಾರಿ. ‘ಡಿಯರ್’ ಒಮ್ಮೆ ಅಂದದ್ದೂ ಸಾಮಾನ್ಯವಾಗಿ ಸಾಲುವುದಿಲ್ಲ. ಬೇಡ ಅಂದ ಮೇಲೂ ಮತ್ತೆ ಮತ್ತೆ ಬಂದಿದೆಯಾ, ಮೈಮಾಟದ ಮಾತು, ಮುಟ್ಟುವುದು, ರಾತ್ರಿಯ ಸಂದೇಶ ಅದರ ಜೊತೆ ಸೇರಿದೆಯಾ ಅನ್ನುವುದರ ಮೇಲೆ ಅದು ನಿಲ್ಲುತ್ತದೆ. ಅದಕ್ಕೇ ಮೊದಲು ‘ಬೇಡ’ ಅಂತ ಹೇಳಿದ್ದಕ್ಕೆ ಇಷ್ಟು ಬೆಲೆ. ಹಾಗಂತ ಹೇಳದಿದ್ದರೆ ದೂರೇ ಇಲ್ಲ ಅಂತ ತಿಳಿಯಬೇಡಿ. ಬಾಸಿನ ಎದುರು ಬಾಯಿ ಬಿಡಲಾಗದ ಹೆಂಗಸರೂ ಇದ್ದಾರೆ. ಅವರೂ ದೂರು ಕೊಡಬಹುದು. ‘ಡಾರ್ಲಿಂಗ್’ ವಿಷಯದಲ್ಲಿ ಕೋರ್ಟು ಇನ್ನೂ ಕಟ್ಟುನಿಟ್ಟು. ಕುಡಿದವನೊಬ್ಬ ಡ್ಯೂಟಿಯಲ್ಲಿದ್ದ ಮಹಿಳಾ ಪೊಲೀಸರಿಗೆ ಹಾಗೆ ಅಂದ ಪ್ರಕರಣದಲ್ಲಿ, ಪರಿಚಯವಿಲ್ಲದ ಹೆಂಗಸನ್ನು ಹಾಗೆ ಕರೆಯುವುದು ಲೈಂಗಿಕ ಬಣ್ಣದ ಮಾತೇ ಅಂತ 2024ರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿದೆ.

ದೂರು ಬರೆದೇ ಕೊಡಬೇಕು. ಬರೆಯಲು ಬಾರದಿದ್ದರೆ ಸಮಿತಿಯವರೇ ಬರೆದುಕೊಳ್ಳಲು ನೆರವಾಗಬೇಕು. ಕೊನೆಯ ಘಟನೆಯಿಂದ 3 ತಿಂಗಳ ಒಳಗೆ ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನು 3 ತಿಂಗಳು ಕೊಡಬಹುದು. ಜನ ಹೆಚ್ಚು ಎಡವುವುದು ಈ ಅವಧಿಯಲ್ಲಿಯೇ. ‘ನೋಡೋಣ, ನೋಡೋಣ’ ಅನ್ನುತ್ತಾ ತಿಂಗಳು ಕಳೆಯುತ್ತವೆ. ದೂರಿನ ಆರು ಪ್ರತಿ ಬೇಕು, ಜೊತೆಗೆ ಸ್ಕ್ರೀನ್‌ಶಾಟ್‌ನಂಥ ಕಾಗದ, ಸಾಕ್ಷಿಗಳ ಹೆಸರು. ಬರೀ ‘ಕೆಟ್ಟದಾಗಿ ಮಾತಾಡಿದರು’ ಅಂತ ಬರೆದರೆ ಉಪಯೋಗ ಇಲ್ಲ. ತಾರೀಖು, ಹೊತ್ತು, ಜಾಗ, ಅವರ ಬಾಯಿಂದ ಬಂದ ಅದೇ ಮಾತು, ಹತ್ತಿರ ಯಾರಿದ್ದರು, ನೀವು ಏನು ಹೇಳಿದಿರಿ, ಇಷ್ಟು ಇರಲಿ. ನನ್ನ ಡೈರಿಯಲ್ಲಿ ಬರೀ ಗೀಟು ಇತ್ತು. ದೂರು ಕೊಡುವ ಹಂತ ಬಂದಿದ್ದರೆ ಆ ಹನ್ನೊಂದು ಗೀಟು ಹೆಚ್ಚು ಕೆಲಸಕ್ಕೆ ಬರುತ್ತಿರಲಿಲ್ಲ. ನೀವು ಮೊದಲ ದಿನದಿಂದಲೇ ಒಂದೊಂದು ಸಾಲು ಬರೆದಿಡಿ.

ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಹೆಸರು ಹೊರಗೆ ಹೋಗಬಾರದು ಅಂತ ಕಾಯ್ದೆಯಲ್ಲೇ ಇದೆ. ವಿಚಾರಣೆಗೆ ಮೊದಲು ನೀವೇ ಕೇಳಿದರೆ ಮಾತ್ರ ರಾಜಿ ಮಾಡಬಹುದು, ಅದೂ ದುಡ್ಡಿನ ಮೇಲೆ ಅಲ್ಲ. ‘ಸಾಬೀತು ಆಗದಿದ್ದರೆ ನನ್ನ ಮೇಲೇ ಕೇಸ್ ಹಾಕ್ತಾರಂತ’ ಅಂತ ಒಬ್ಬಾಕೆ ಹೆದರಿ ಸುಮ್ಮನಾಗಿದ್ದು ನನಗೆ ಗೊತ್ತು. ಅದು ಸರಿಯಲ್ಲ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಕ್ರಮ ಇದೆ. ನಿಜ ಹೇಳಿ, ಅದನ್ನು ಸಾಬೀತು ಮಾಡಲು ಆಗಲಿಲ್ಲ ಅಂದಮಾತ್ರಕ್ಕೆ ಕ್ರಮ ಇಲ್ಲ.

ಗಂಡಸರು ಈ ಕಾಯ್ದೆಯಡಿ ದೂರು ಕೊಡಲು ಬರುವುದಿಲ್ಲ. ಆದರೆ ಅವರಿಗೂ ಇಂಥದ್ದು ಆಗುತ್ತದೆ. ನಮ್ಮ ಲ್ಯಾಬಿನ ಹುಡುಗನಿಗೆ ಹಿರಿಯ ಟೆಕ್ನಿಷಿಯನ್ ‘ಏನಲೇ’ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಆ ಹುಡುಗ ಇದೇ ಎರಡು ವಾಕ್ಯವನ್ನು ಹೇಳಿದ. ಈಗ ಆತನ ಹೆಸರು ಕರೆಯುತ್ತಾರೆ, ‘ಲೇ’ ವಾರಕ್ಕೊಮ್ಮೆ ಬರುತ್ತದೆ ಅಂತೆ. ಆತನಿಗೆ ಅಷ್ಟು ಸಾಕಾಗಿದೆ.

ನಾವು ಬೇರೆಯವರನ್ನು ಕರೆಯುವುದು

ಇದೆಲ್ಲ ನಡೆದ ಮೇಲೆ ಒಂದು ದಿನ ನನ್ನದೇ ದನಿ ನನ್ನ ಕಿವಿಗೆ ಬಿತ್ತು. ನೆಲ ಒರೆಸಲು ಬರುವ ಹೆಂಗಸನ್ನು ನಾನು ಹನ್ನೆರಡು ವರ್ಷದಿಂದ ‘ಏ ಬಾಯಿ, ಇಲ್ಲಿ ಬಾ’ ಅಂತ ಕರೆಯುತ್ತಿದ್ದೆ. ಆಕೆ ನನಗಿಂತ ಹದಿನೈದು ವರ್ಷ ದೊಡ್ಡವಳು. ‘ರಿ’ ಇರಲಿಲ್ಲ, ಹೆಸರೂ ಇರಲಿಲ್ಲ. ಡಾಕ್ಟರ ಹೆಂಡತಿಯನ್ನು ಹಾಗೆ ಕರೆಯುತ್ತಿರಲಿಲ್ಲ. ನಾನು ಬೇರೆಯವರಿಗೆ ಹಚ್ಚಿದ ಪರೀಕ್ಷೆಯಲ್ಲಿ ನಾನೇ ನಿಂತಿದ್ದೆ.

ನೀವೂ ಒಂದು ದಿನ ಹೀಗೆ ಕೇಳಿಸಿಕೊಳ್ಳಿ. ಪಿವನ್, ಆಯಾ, ಸೆಕ್ಯೂರಿಟಿ, ಚಹಾದ ಹುಡುಗ, ಇವರನ್ನು ಏನಂತ ಕರೆಯುತ್ತೀರಿ? ಬದಲಾಯಿಸಬೇಕು ಅನಿಸಿದರೆ ನೀವೇ ಒಂದು ಮಾತು ಆರಿಸಬೇಡಿ. ಅವರನ್ನು ಕೇಳಿ.

ನಾನು ಕೇಳಿದೆ. ‘ನಿಮಗ ಏನಂತ ಕರೀಲಿ?’ ಅಂದೆ. ಆಕೆ ಬಕೆಟ್ ಕೆಳಗಿಟ್ಟು ನನ್ನ ಮುಖ ನೋಡಿದಳು. ಹೆಸರು ಹೇಳುತ್ತಾಳೆ ಅಂತ ನಾನು ಕಾದೆ.

‘ಹೆಸರ ಬ್ಯಾಡ್ರಿ ಮೇಡಮ್ಮೋರ’ ಅಂದಳು. ‘ಅವ್ವಾ ಅನ್ರಿ.’

ಈಗ ನಮ್ಮ ಕೌಂಟರಿನ ಮೂವರೂ ಆಕೆಗೆ ‘ಅವ್ವಾ, ಬರ್ರಿ’ ಅನ್ನುತ್ತೇವೆ.